ವಿಡಿಯೊ ಕಾಲ್‌ನಲ್ಲಿ ಮನೋವೈದ್ಯರ ತಪಾಸಣೆ: ಗುರುತು, ತುರ್ತು ಯೋಜನೆ, ಮಾತ್ರೆ ಬರೆಯುವ ಮಿತಿ

ಮನೋವೈದ್ಯರ ವಿಡಿಯೊ ಕಾಲ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಏನು ತೊಂದರೆ" ಅಂತಲ್ಲ. "ನೀವು ಈಗ, ಈ ಹೊತ್ತಿಗೆ, ಎಲ್ಲಿ ಕೂತಿದ್ದೀರಿ?" ಅಂತ. ಕ್ಲಿನಿಕ್‌ಗೆ ಬಂದವರು ಎದುರಿನ ಕುರ್ಚಿಯಲ್ಲೇ ಇರುತ್ತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಹೊರಗೆ ಮನೆಯವರು ಕಾಯುತ್ತಿರುತ್ತಾರೆ. ವಿಡಿಯೊ ಕಾಲ್‌ನಲ್ಲಿ ಅದ್ಯಾವುದೂ ಇಲ್ಲ. ನೆಟ್‌ವರ್ಕ್ ಹೋದರೆ ರೋಗಿಯೂ ಕೈಗೆ ಸಿಗುವುದಿಲ್ಲ. ಜಾಗ ಮೊದಲೇ ಗೊತ್ತಿದ್ದರೆ ಸಹಾಯ ಕಳಿಸಬಹುದು. ಗೊತ್ತಿಲ್ಲದಿದ್ದರೆ ವೈದ್ಯರು ಎಷ್ಟೇ ಅನುಭವಿಗಳಾಗಿದ್ದರೂ ಏನೂ ಮಾಡಲಾಗುವುದಿಲ್ಲ.

ಒಬ್ಬರು ಮನೋವೈದ್ಯರು, ಒಬ್ಬರು ಸಹಾಯಕರು ಇರುವ ಸಣ್ಣ ಕ್ಲಿನಿಕ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ. ರೋಗಿಗಳು, ಮನೆಯವರೂ ಓದಬಹುದು. ಕ್ಲಿನಿಕ್‌ನವರು ಯಾಕೆ ಇಷ್ಟೆಲ್ಲ ಕೇಳುತ್ತಾರೆ ಅಂತ ತಿಳಿದರೆ ಅವರಿಗೆ ಕಿರಿಕಿರಿ ಆಗುವುದಿಲ್ಲ. ಇದಕ್ಕೆ ಮೂರು ಆಧಾರಗಳಿವೆ. ಒಂದು, 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಪ್ರಾಕ್ಟೀಸ್ ಮಾರ್ಗಸೂಚಿ. ಎರಡು, ಅದೇ ವರ್ಷ ನಿಮ್ಹಾನ್ಸ್, ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ ಮತ್ತು ಟೆಲಿಮೆಡಿಸಿನ್ ಸೊಸೈಟಿ ಸೇರಿ ತಂದ ಟೆಲಿಸೈಕಿಯಾಟ್ರಿ ಮಾರ್ಗಸೂಚಿ. ಮೂರು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ.

ಮುಂಚಿನ ದಿನದ ಫೋನ್

ಅಪಾಯಿಂಟ್‌ಮೆಂಟ್ ಕೊಟ್ಟ ಮೇಲೆ ಕ್ಲಿನಿಕ್‌ನ ಸಹಾಯಕರು ಹಿಂದಿನ ದಿನವೇ ಒಂದು ಸಲ ಫೋನ್ ಮಾಡಬೇಕು. ಹತ್ತು ನಿಮಿಷದ ಕೆಲಸ. ಹೆಸರು, ವಯಸ್ಸು, ಮನೆ ವಿಳಾಸ ಬರೆದುಕೊಳ್ಳಬೇಕು. ಜೊತೆಗೆ ಎರಡು ಫೋನ್ ನಂಬರ್ ಬೇಕು. ಒಂದು ರೋಗಿಯದು. ಇನ್ನೊಂದು, ಕರೆಯ ಹೊತ್ತಿಗೆ ರೋಗಿ ಇರುವ ಊರಿನಲ್ಲೇ ಇರುವ, ಕರೆದರೆ ಬೇಗ ತಲುಪಬಲ್ಲ ಒಬ್ಬರದು. ಇಲ್ಲೇ ಜನ ಎಡವುವುದು. ಬೆಂಗಳೂರಿನ ಪಿಜಿಯಲ್ಲಿರುವ ಹುಡುಗಿ ದಾವಣಗೆರೆಯಲ್ಲಿರುವ ಅಪ್ಪನ ನಂಬರ್ ಕೊಡುತ್ತಾಳೆ. ಅಪ್ಪ ಬಸ್ ಹತ್ತಿ ಬರುವಷ್ಟು ಸಮಯ ಇರುವುದಿಲ್ಲ, ಅಲ್ವಾ? ಅಪ್ಪನ ನಂಬರ್ ಇರಲಿ. ಅದರ ಜೊತೆ ರೂಮ್‌ಮೇಟ್, ಪಿಜಿ ನಡೆಸುವವರು, ಪಕ್ಕದ ಮನೆಯವರು, ಹೀಗೆ ಯಾರಾದರೂ ಒಬ್ಬರು ಹತ್ತಿರದವರೂ ಬೇಕು.

ಆ ಹತ್ತಿರದವರಿಗೆ ಯಾವಾಗ, ಎಷ್ಟು ಹೇಳಬಹುದು ಅನ್ನುವುದನ್ನು ರೋಗಿಯ ಹತ್ತಿರವೇ ಕೇಳಿ ಬರೆದುಕೊಳ್ಳಬೇಕು. "ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಇವರಿಗೆ ಫೋನ್ ಮಾಡುತ್ತೇವೆ. ಕಾಯಿಲೆಯ ವಿವರ ಹೇಳುವುದಿಲ್ಲ, ಜೊತೆಗಿರಿ ಅಂತಷ್ಟೇ ಹೇಳುತ್ತೇವೆ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಯಾರ ನಂಬರನ್ನೂ ಕೊಡಲು ಒಪ್ಪದವರಿಗೆ ಮೊದಲ ಭೇಟಿಯನ್ನು ಮುಖಾಮುಖಿಯಾಗಿಯೇ ಮಾಡುವುದು ಒಳ್ಳೆಯದು. ಕಾನೂನಿನಲ್ಲಿ ಹಾಗೇನೂ ಬರೆದಿಲ್ಲ. ಆದರೂ ಪೂರ್ತಿ ಒಂಟಿಯಾಗಿರುವ ಅಪರಿಚಿತ ರೋಗಿಯನ್ನು ದೂರದಿಂದ ಸಂಭಾಳಿಸಲು ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ.

ಒಪ್ಪಿಗೆಯ ವಿಷಯ. ರೋಗಿಯೇ ಕರೆ ಮಾಡಿ ಸಲಹೆ ಕೇಳಿದರೆ ಒಪ್ಪಿಗೆ ಇದೆ ಅಂತಲೇ ಅರ್ಥ. ಆದರೆ ಮನೆಯವರು, ಆಶಾ ಕಾರ್ಯಕರ್ತೆ ಅಥವಾ ಕ್ಲಿನಿಕ್‌ನವರೇ ಕರೆ ಶುರು ಮಾಡಿದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ಅದು ಒಂದು ಮೆಸೇಜ್, ಇಮೇಲ್ ಅಥವಾ ಆಡಿಯೊ ರೂಪದಲ್ಲಿ ಫೈಲ್‌ನಲ್ಲಿರಬೇಕು. "ನನ್ನ ಮಾನಸಿಕ ಆರೋಗ್ಯದ ಬಗ್ಗೆ ವಿಡಿಯೊ ಕಾಲ್‌ನಲ್ಲಿ ಡಾಕ್ಟರ ಸಲಹೆ ಪಡೆಯಲು ಒಪ್ಪಿದ್ದೇನೆ" ಎಂಬ ಒಂದು ಸಾಲಿನ ಮೆಸೇಜ್ ಸಾಕು. ಯಾರೇ ಕರೆ ಶುರು ಮಾಡಿದರೂ ಈ ಮೆಸೇಜ್ ತರಿಸಿಕೊಳ್ಳುವ ರೂಢಿ ಇಟ್ಟುಕೊಂಡರೆ ಗೊಂದಲವೇ ಇರುವುದಿಲ್ಲ. ರೆಕಾರ್ಡಿಂಗ್ ಬಗ್ಗೆಯೂ ಅವತ್ತೇ ಮಾತಾಡಿ. ನಾವು ರೆಕಾರ್ಡ್ ಮಾಡುವುದಿಲ್ಲ, ನೀವೂ ಹೇಳದೆ ಮಾಡಬೇಡಿ ಅಂತ ತಿಳಿಸಿ.

ಗುರುತು: ಎರಡೂ ಕಡೆಯವರದು

ಟೆಲಿಮೆಡಿಸಿನ್‌ನಲ್ಲಿ ಹೆಸರು ಮುಚ್ಚಿಟ್ಟುಕೊಂಡು ಸಲಹೆ ಪಡೆಯಲು ಅವಕಾಶ ಇಲ್ಲ. ರೋಗಿ ಯಾರು ಅಂತ ವೈದ್ಯರಿಗೆ, ವೈದ್ಯರು ಯಾರು ಅಂತ ರೋಗಿಗೆ ಗೊತ್ತಿರಲೇಬೇಕು.

ಕರೆ ಶುರುವಾದ ಕೂಡಲೇ ವೈದ್ಯರು ತಮ್ಮ ಹೆಸರು, ಓದು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಹೇಳಬೇಕು. ಆ ಸಂಖ್ಯೆ ಔಷಧಿ ಚೀಟಿಯ ಮೇಲೂ ಇರಬೇಕು. ರೋಗಿಗಳಿಗೆ ಒಂದು ಮಾತು: ಆ ಸಂಖ್ಯೆಯನ್ನು ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿರುವ ವೈದ್ಯರ ಪಟ್ಟಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳಬಹುದು. ಸಂಖ್ಯೆ ಕೇಳಿದರೆ ಮುನಿಸಿಕೊಳ್ಳುವವರ ಹತ್ತಿರ ಮನಸ್ಸಿನ ಮಾತು ಹೇಳಿಕೊಳ್ಳಲು ಹೋಗಬೇಡಿ. ಆಪ್ತ ಸಮಾಲೋಚಕರು ಬೇರೆ, ಮನೋವೈದ್ಯರು ಬೇರೆ. ಮಾತ್ರೆ ಬರೆಯುವ ಅಧಿಕಾರ ನೋಂದಾಯಿತ ವೈದ್ಯರಿಗೆ ಮಾತ್ರ.

ಈಗ ರೋಗಿಯ ಗುರುತು. ಮೊದಲ ಸಲ ಬಂದವರು ಫೋಟೊ ಇರುವ ಯಾವುದಾದರೂ ಒಂದು ಕಾರ್ಡನ್ನು ಕ್ಯಾಮೆರಾಗೆ ಹಿಡಿಯಲಿ. ಮುಖ, ಹೆಸರು, ವಯಸ್ಸು ಹೊಂದುತ್ತದಾ ನೋಡಿ. ನೋಡಿದರೆ ಸಾಕು, ಅದರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಇಟ್ಟುಕೊಳ್ಳುವುದು ಬೇಡ. "ಡ್ರೈವಿಂಗ್ ಲೈಸೆನ್ಸ್ ನೋಡಿದೆ, ಕೊನೆಯ ನಾಲ್ಕು ಅಂಕಿ ಇಂಥದ್ದು" ಅಂತ ಫೈಲ್‌ನಲ್ಲಿ ಬರೆದರೆ ಮುಗಿಯಿತು. ಮುಂದಿನ ಸಲ ಕಾರ್ಡ್ ಬೇಕಿಲ್ಲ. ಹುಟ್ಟಿದ ದಿನ ಮತ್ತು ಫೈಲ್‌ನಲ್ಲಿರುವ ಇನ್ನೊಂದು ವಿವರ ಕೇಳಿ. ವೈದ್ಯರೇ "ನೀವು ಶಾಂತಮ್ಮ ಅಲ್ವಾ?" ಅಂತ ಕೇಳಿದರೆ ಯಾರು ಬೇಕಾದರೂ ಹೌದು ಅನ್ನುತ್ತಾರೆ. "ನಿಮ್ಮ ಹೆಸರು, ಹುಟ್ಟಿದ ದಿನ ಹೇಳಿ" ಅಂತಲೇ ಕೇಳಬೇಕು.

18 ತುಂಬದವರಾದರೆ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಆ ದೊಡ್ಡವರ ಗುರುತನ್ನೂ ನೋಡಬೇಕು. ವಯಸ್ಸಿನ ಬಗ್ಗೆ ಅನುಮಾನ ಬಂದರೆ ದಾಖಲೆ ಕೇಳುವುದರಲ್ಲಿ ಸಂಕೋಚ ಬೇಡ.

ಮನೋವೈದ್ಯದಲ್ಲಿ ಇನ್ನೊಂದು ತೊಡಕಿದೆ. ಕರೆಯಲ್ಲಿ ಕಾಣುವವರಷ್ಟೇ ಆ ಕೋಣೆಯಲ್ಲಿ ಇರುವುದಿಲ್ಲ. ಗಂಡ ಪಕ್ಕದಲ್ಲೇ ಕೂತಿರಬಹುದು, ಅತ್ತೆ ಬಾಗಿಲ ಹತ್ತಿರ ನಿಂತಿರಬಹುದು. "ನಿಮ್ಮ ಜೊತೆ ಯಾರಿದ್ದಾರೆ? ಫೋನನ್ನು ಒಂದು ಸಲ ಕೋಣೆ ಸುತ್ತ ತೋರಿಸಿ" ಅಂತ ನಯವಾಗಿ ಕೇಳಿ. ಆಮೇಲೆ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ. ಆಗ ವೈದ್ಯರ ಪ್ರಶ್ನೆ ಹೊರಗೆ ಕೇಳಿಸುವುದಿಲ್ಲ, ರೋಗಿ ಹೌದು, ಇಲ್ಲ ಅಂತಷ್ಟೇ ಉತ್ತರ ಕೊಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅಂತ ಕೇಳಲು ಬೇರೆ ದಾರಿಯೇ ಇಲ್ಲ. ಒಂದು ಗುರುತಿನ ಮಾತನ್ನೂ ಮುಂಚೆಯೇ ಒಪ್ಪಿಕೊಳ್ಳಬಹುದು. "ಗ್ಯಾಸ್ ಬಂದ್ ಮಾಡಿ ಬರ್ತೀನಿ" ಅಂದರೆ ಈಗ ಮಾತಾಡಲು ಆಗುವುದಿಲ್ಲ, ಕರೆ ಮುಗಿಸಿ ಅಂತ ಅರ್ಥ.

ರೋಗಿಯೇ ಇಲ್ಲದೆ ಮನೆಯವರು ಕರೆ ಮಾಡಿ "ಅವನು ಡಾಕ್ಟರ ಹತ್ತಿರ ಬರಲ್ಲ, ಊಟದಲ್ಲಿ ಹಾಕಿ ಕೊಡೋ ಹಾಗೆ ಏನಾದ್ರೂ ಬರೆದುಕೊಡಿ" ಅಂತ ಕೇಳುವುದು ಬಹಳ. ಅವರ ಸಂಕಟ ನಿಜ, ಅದನ್ನು ಕೇಳಿಸಿಕೊಳ್ಳಬೇಕು. ಆದರೆ ನೋಡದ ವ್ಯಕ್ತಿಗೆ ಮಾತ್ರೆ ಬರೆಯಬಾರದು. ದೊಡ್ಡವರಾದ ರೋಗಿಯ ಪರವಾಗಿ ಮಾತಾಡುವವರಿಗೆ ಆ ರೋಗಿ ಕೊಟ್ಟ ಅಧಿಕಾರ ಪತ್ರ ಬೇಕು, ಇಲ್ಲವೇ ರೋಗಿಯೇ ಜೊತೆಗಿರಬೇಕು. ರೋಗಿಗೆ ತಾನೇ ತೀರ್ಮಾನ ಮಾಡುವ ಶಕ್ತಿ ಇಲ್ಲದಿದ್ದಾಗ ಮಾತ್ರ ಈ ಪತ್ರ ಬೇಕಿಲ್ಲ. ಆಗಲೂ ಮೊದಲು ಕೊಡಬೇಕಾದ ಸಲಹೆ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೇಗೆ ಎನ್ನುವುದೇ.

ಎಲ್ಲಿದ್ದೀರಿ, ಮತ್ತು ಕರೆ ಕಟ್ ಆದರೆ?

ಪ್ರತಿ ಕರೆಯಲ್ಲೂ, ಹತ್ತನೇ ಕರೆಯಾದರೂ, ಮೊದಲ ಎರಡು ನಿಮಿಷದಲ್ಲಿ ಜಾಗ ಕೇಳಿ ಬರೆದುಕೊಳ್ಳಿ. ಊರಿನ ಹೆಸರು ಸಾಲದು. ಬೀದಿ, ಕಟ್ಟಡ, ಮಹಡಿ, ರೂಮ್ ನಂಬರ್, ಹತ್ತಿರದ ಗುರುತು ಬೇಕು. ಹಳ್ಳಿಯಾದರೆ ಗ್ರಾಮ, ಹೋಬಳಿ, ಯಾವ ಗುಡಿ ಅಥವಾ ಶಾಲೆಯ ಹಿಂದೆ ಅಂತ ಬರೆದುಕೊಳ್ಳಿ. ಗಾಡಿ ಓಡಿಸುತ್ತಾ ಮಾತಾಡುತ್ತಿದ್ದರೆ ಕರೆಯನ್ನು ಅಲ್ಲೇ ನಿಲ್ಲಿಸಿ.

ಜಾಗ ತಿಳಿದ ಮೇಲೆ ಹೀಗೆ ಹೇಳಿ: "ಕರೆ ಕಟ್ ಆದರೆ ನಾನೇ ನಿಮ್ಮ ನಂಬರಿಗೆ ಮಾಮೂಲಿ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡುತ್ತೇನೆ. ಅಪಾಯ ಅನ್ನಿಸಿದರೆ ಕಾಯುವುದಿಲ್ಲ, ನೀವು ಕೊಟ್ಟ ಹತ್ತಿರದವರ ನಂಬರಿಗೆ ಮಾಡುತ್ತೇನೆ." ಇದನ್ನು ಮುಂಚೆಯೇ ಹೇಳಿಟ್ಟರೆ ಆಮೇಲೆ ರೋಗಿಗೆ ಮೋಸ ಮಾಡಿದ ಹಾಗೆ ಆಗುವುದಿಲ್ಲ.

ಈಗ ಬಹಳ ಜನ ಗಮನಿಸದ ಒಂದು ವಿಷಯ. ತುರ್ತು ಸಹಾಯಕ್ಕೆ 112 ಇದೆ, ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108 ಇದೆ, ಎಲ್ಲರಿಗೂ ಗೊತ್ತು. ಆದರೆ ಹುಬ್ಬಳ್ಳಿಯ ಕ್ಲಿನಿಕ್‌ನಲ್ಲಿ ಕೂತು ವೈದ್ಯರು 112 ಒತ್ತಿದರೆ ಆ ಕರೆ ಹೋಗುವುದು ಕರ್ನಾಟಕದ ನಿಯಂತ್ರಣ ಕೊಠಡಿಗೆ. ರೋಗಿ ಪುಣೆಯಲ್ಲಿದ್ದರೆ ಅಲ್ಲಿಂದ ಆ ಮಾಹಿತಿಯನ್ನು ಮಹಾರಾಷ್ಟ್ರಕ್ಕೆ ದಾಟಿಸಬೇಕು. ಆ ಹೊತ್ತಿನಲ್ಲಿ ಪ್ರತಿ ನಿಮಿಷವೂ ಬೇಕು. ಹಾಗಾಗಿ ರೋಗಿ ಬೇರೆ ರಾಜ್ಯದಲ್ಲಿದ್ದರೆ ಎರಡು ಕೆಲಸ ಮಾಡಿ. ಅವರ ಪ್ರದೇಶದ ಪೊಲೀಸ್ ಠಾಣೆಯ ನೇರ ನಂಬರ್ ಮತ್ತು 24 ಗಂಟೆ ಕ್ಯಾಶುವಾಲ್ಟಿ ಇರುವ ಹತ್ತಿರದ ಆಸ್ಪತ್ರೆಯ ನಂಬರನ್ನು ಮುಂಚಿನ ದಿನವೇ ಹುಡುಕಿ, ಒಮ್ಮೆ ಫೋನ್ ಮಾಡಿ ಸರಿಯಿದೆಯಾ ಅಂತ ನೋಡಿ, ಫೈಲ್‌ನ ಮೊದಲ ಪುಟದಲ್ಲಿ ಬರೆದಿಡಿ. ಮತ್ತೆ, 112ಕ್ಕೆ ಮಾಡಬೇಕಾಗಿ ಬಂದರೆ ರೋಗಿಯ ಪಕ್ಕದಲ್ಲಿರುವವರ ಕೈಯಲ್ಲೇ ಮಾಡಿಸಿ. ಆಗ ಕರೆ ನೇರ ಅಲ್ಲಿನ ನಿಯಂತ್ರಣ ಕೊಠಡಿಗೆ ಹೋಗುತ್ತದೆ.

ತುರ್ತು ಸ್ಥಿತಿಯಲ್ಲಿ ಟೆಲಿ ಸಲಹೆಗೆ ಮಾರ್ಗಸೂಚಿಯೇ ಗೆರೆ ಹಾಕಿದೆ. ಪ್ರಥಮ ಚಿಕಿತ್ಸೆ, ಜೀವ ಉಳಿಸುವ ಕ್ರಮ, ಧೈರ್ಯ ಹೇಳುವುದು, ಆಸ್ಪತ್ರೆಗೆ ಕಳಿಸುವುದು, ಇಷ್ಟೇ. ವಿಡಿಯೊದಲ್ಲೇ ಎಲ್ಲ ಸರಿ ಮಾಡಿಬಿಡುತ್ತೇನೆ ಅಂತ ಕೂರಬಾರದು.

ಒಂದು ಕರೆ, ಹಂತ ಹಂತವಾಗಿ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. 24 ವರ್ಷದ ಹುಡುಗ. ಹೆಸರು ಮಂಜುನಾಥ ಅಂತಿಟ್ಟುಕೊಳ್ಳಿ. ಕಾರ್ಡ್‌ನಲ್ಲಿರುವ ವಿಳಾಸ ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಕೆಲಸ ಪುಣೆಯಲ್ಲಿ, ಇರುವುದು ಅಲ್ಲಿನ ಪಿಜಿಯ ಮೂರನೇ ಮಹಡಿಯಲ್ಲಿ. ಕನ್ನಡದಲ್ಲೇ ಮಾತಾಡಬೇಕು ಅಂತ ಹುಬ್ಬಳ್ಳಿಯ ವೈದ್ಯರನ್ನು ಹುಡುಕಿದ್ದಾನೆ. ಮುಂಚಿನ ದಿನದ ಫೋನ್‌ನಲ್ಲಿ ಅವನು ಕೊಟ್ಟಿದ್ದು ಅಣ್ಣನ ನಂಬರ್. ಅಣ್ಣ ಇರುವುದು ಊರಿನಲ್ಲಿ. ಸಹಾಯಕರು ಬಿಡದೆ ಕೇಳಿದ್ದಕ್ಕೆ ರೂಮ್‌ಮೇಟ್‌ನ ನಂಬರನ್ನೂ ಕೊಟ್ಟ.

ಸಂಜೆ ಆರೂವರೆಗೆ ವಿಡಿಯೊ ಶುರು. ಗುರುತು, ಜಾಗ ಆಯಿತು. "ನಿದ್ದೆ ಬರಲ್ಲ ಸರ್, ಎರಡು ತಿಂಗಳಾಯ್ತು. ಫ್ರೆಂಡ್ ಆಲ್ಪ್ರಜೋಲಾಮ್ ಕೊಟ್ಟಿದ್ದ, ಚೆನ್ನಾಗಿ ನಿದ್ದೆ ಬಂತು. ಅದನ್ನೇ ಬರೆದುಕೊಡಿ" ಅಂತಾನೆ. ವೈದ್ಯರು ಮಾತ್ರೆಯ ಮಾತನ್ನು ಪಕ್ಕಕ್ಕಿಟ್ಟು ಬೇರೆ ವಿಷಯ ಕೇಳುತ್ತಾರೆ. ಊಟ ಹೇಗೆ, ಕೆಲಸಕ್ಕೆ ಹೋಗ್ತಿದ್ದೀಯಾ, ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತಾ? ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಕೈ ಬಿಚ್ಚಿ ಖರ್ಚು, ನಿಲ್ಲದ ಮಾತು ಇದ್ದ ದಿನಗಳು ಬಂದಿದ್ದವಾ? ಈ ಕೊನೆಯ ಪ್ರಶ್ನೆ ಬೈಪೋಲಾರ್ ಕಾಯಿಲೆಯ ಸುಳಿವಿಗೆ. ಅದನ್ನು ಕೇಳದೆ ಖಿನ್ನತೆಯ ಮಾತ್ರೆ ಶುರು ಮಾಡಬಾರದು.

ಆಮೇಲೆ ಸಾವಿನ ಯೋಚನೆಯ ಬಗ್ಗೆ ನೇರವಾಗಿ ಕೇಳಬೇಕು. ಕೇಳಿದರೆ ಅವರ ತಲೆಗೆ ನಾವೇ ಆ ಯೋಚನೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ತಪ್ಪು. ಯಾರಾದರೂ ಕೇಳಿದರಲ್ಲ ಅಂತ ಅವರಿಗೆ ಹಗುರಾಗುವುದೇ ಜಾಸ್ತಿ. ಸುತ್ತಿ ಬಳಸಿ ಕೇಳಬೇಡಿ. "ಬದುಕೋದೇ ಬೇಡ ಅನ್ಸುತ್ತಾ?" "ಜೀವ ತೆಗೆದುಕೊಳ್ಳೋ ಯೋಚನೆ ಬಂದಿದೆಯಾ?" "ಹೇಗೆ, ಯಾವಾಗ ಅಂತ ಏನಾದರೂ ಅಂದುಕೊಂಡಿದ್ದೀಯಾ?" "ಅದಕ್ಕೆ ಬೇಕಾದ್ದು ಈಗ ಹತ್ತಿರ ಇದೆಯಾ?" "ಹಿಂದೆ ಪ್ರಯತ್ನ ಮಾಡಿದ್ದೀಯಾ?" ಈ ಕ್ರಮದಲ್ಲಿ ಒಂದೊಂದು ಪ್ರಶ್ನೆಗೂ ಹೌದು ಅನ್ನುತ್ತಾ ಹೋದ ಹಾಗೆ ಅಪಾಯ ಏರುತ್ತದೆ.

ಮಂಜುನಾಥ ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೌದು ಅಂದ. ನಾಲ್ಕನೆಯದಕ್ಕೆ "ತಂದಿಟ್ಟುಕೊಂಡಿದೀನಿ" ಅಂದ. ಅಷ್ಟರಲ್ಲಿ ಚಿತ್ರ ನಿಂತಿತು, ಕರೆ ಕಟ್ ಆಯಿತು.

ಇಲ್ಲಿಂದ ವೈದ್ಯರು ಮತ್ತು ಸಹಾಯಕರು ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಾರೆ. ವೈದ್ಯರು ತಕ್ಷಣ ಅವನ ನಂಬರಿಗೆ ಮಾಮೂಲಿ ಫೋನ್ ಮಾಡುತ್ತಾರೆ. ಐದು ನಿಮಿಷ ಕಾಯುವ ಮಾತು ಈಗ ಇಲ್ಲ. ಅದೇ ಹೊತ್ತಿಗೆ ಸಹಾಯಕರು ಇನ್ನೊಂದು ಫೋನ್‌ನಿಂದ ರೂಮ್‌ಮೇಟ್‌ಗೆ ಮಾಡುತ್ತಾರೆ. "ನೀವು ಈಗ ಎಲ್ಲಿದ್ದೀರಿ? ದಯವಿಟ್ಟು ಈಗಲೇ ರೂಮಿಗೆ ಹೋಗಿ ಮಂಜುನಾಥನ ಜೊತೆ ಇರಿ. ಬಾಗಿಲು ತೆರೆದೇ ಇಡಿ. ಅವನನ್ನು ಒಂಟಿ ಬಿಡಬೇಡಿ. ಫೋನ್ ಲೈನ್‌ನಲ್ಲೇ ಇರಿ." ರೂಮ್‌ಮೇಟ್ ಆಫೀಸಿನಲ್ಲಿದ್ದರೆ, ದೂರದಲ್ಲಿದ್ದರೆ, ಪಿಜಿಯ ಮ್ಯಾನೇಜರ್ ನಂಬರನ್ನು ಅವನಿಂದಲೇ ಪಡೆದು ಅವರಿಗೆ ಮಾಡಬೇಕು. ಇಬ್ಬರೂ ಸಿಗದಿದ್ದರೆ, ಮಂಜುನಾಥನೂ ಎತ್ತದಿದ್ದರೆ, ಫೈಲ್‌ನ ಮೊದಲ ಪುಟದಲ್ಲಿ ಬರೆದಿಟ್ಟ ಅಲ್ಲಿನ ಪೊಲೀಸ್ ಠಾಣೆಗೆ ಕಟ್ಟಡ, ಮಹಡಿ, ರೂಮ್ ನಂಬರ್ ಹೇಳಿ ಕಳಿಸಬೇಕು. ಇದರ ಮಧ್ಯೆ "ಗೋಪ್ಯತೆ ಮುರಿದಂತಾಯಿತೇ" ಅಂತ ಅನುಮಾನ ಬೇಡ. ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಮಾಹಿತಿಯನ್ನು ಕಾಪಾಡುತ್ತದೆ. ಆದರೆ ಜೀವಕ್ಕೆ ಅಪಾಯ ಇದ್ದಾಗ ಅದನ್ನು ತಪ್ಪಿಸಲು ಬೇಕಾದಷ್ಟನ್ನು ಹೇಳಲು ಅದೇ ಸೆಕ್ಷನ್ ಅವಕಾಶ ಕೊಟ್ಟಿದೆ. ಬೇಕಾದಷ್ಟು ಮಾತ್ರ. ರೂಮ್‌ಮೇಟ್‌ಗೆ ಅವನ ಪ್ರೀತಿ, ಸಾಲದ ಕಥೆ ಹೇಳಬೇಕಿಲ್ಲ.

ನಮ್ಮ ಉದಾಹರಣೆಯಲ್ಲಿ ರೂಮ್‌ಮೇಟ್ ಅದೇ ಕಟ್ಟಡದ ಕೆಳಗೆ ಊಟ ಮಾಡುತ್ತಿದ್ದ. ಮೇಲೆ ಹೋದ. ಮಂಜುನಾಥ ಮಂಚದ ಮೇಲೆ ಕೂತು ಅಳುತ್ತಿದ್ದ, ಚಾರ್ಜ್ ಮುಗಿದು ಫೋನ್ ಆರಿತ್ತು. ಏನೂ ಮಾಡಿಕೊಂಡಿರಲಿಲ್ಲ. ಈಗ ವೈದ್ಯರು ರೂಮ್‌ಮೇಟ್‌ನ ಫೋನ್‌ನಲ್ಲಿ ಮಂಜುನಾಥನ ಜೊತೆ ಮಾತಾಡುತ್ತಾರೆ. ತಂದಿಟ್ಟ ವಸ್ತುವನ್ನು ರೂಮ್‌ಮೇಟ್ ರೂಮಿನಿಂದ ಹೊರಗೆ ಸಾಗಿಸುತ್ತಾನೆ. ಏನಾದರೂ ನುಂಗಿದ್ದೀಯಾ ಅಂತ ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಕೇಳಬೇಕು. ಹೌದು ಅಂದರೆ ಅಥವಾ ಅನುಮಾನ ಬಂದರೆ ಮನೆಮದ್ದು ಬೇಡ, ವಾಂತಿ ಮಾಡಿಸುವುದು ಬೇಡ, ಡಬ್ಬಿ ಅಥವಾ ಪೊಟ್ಟಣದ ಸಮೇತ ನೇರ ಕ್ಯಾಶುವಾಲ್ಟಿಗೆ. ಇಲ್ಲ ಅಂದರೂ ಈ ಮಟ್ಟದ ಅಪಾಯಕ್ಕೆ ಅವತ್ತೇ ರಾತ್ರಿ ಆಸ್ಪತ್ರೆಯಲ್ಲಿ ಮುಖಾಮುಖಿ ತಪಾಸಣೆ ಆಗಬೇಕು. "ನಾಳೆ ನೋಡೋಣ" ಅನ್ನುವ ಮಾತಿಲ್ಲ.

ವೈದ್ಯರು ಆ ಆಸ್ಪತ್ರೆಯ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ, ಒಂದು ಪುಟದ ಪತ್ರವನ್ನೂ ಕಳಿಸುತ್ತಾರೆ. ಯಾವಾಗ ನೋಡಿದೆ, ಏನು ಹೇಳಿದ, ಯೋಜನೆ ಮತ್ತು ಸಾಧನ ಎರಡೂ ಇದ್ದವು, ನುಂಗಿಲ್ಲ ಎನ್ನುತ್ತಾನೆ, ಅವನಿಗೆ ಮಾತ್ರೆ ಕೊಟ್ಟಿಲ್ಲ, ಅಣ್ಣ ಹೊರಟಿದ್ದಾನೆ. ಇಷ್ಟು ಸಾಕು.

ತಾಲ್ಲೂಕು ಆಸ್ಪತ್ರೆಗಳಲ್ಲಿ "ಇದು ಮಾನಸಿಕ ಕೇಸು, ನಾವು ಮುಟ್ಟಲ್ಲ" ಎನ್ನುವ ಮಾತು ಕೇಳಿಬರುವುದುಂಟು. ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಜೀವಕ್ಕೆ ಅಪಾಯ ಇದ್ದಾಗ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಕಾಯ್ದೆಯ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರು, ಸಿಕ್ಕರೆ ಅವರ ಒಪ್ಪಿಗೆ ಪಡೆಯಬೇಕು. ಇದರ ಮಿತಿ ಸಾಮಾನ್ಯವಾಗಿ 72 ಗಂಟೆ. ತುರ್ತಿನ ಹೆಸರಿನಲ್ಲಿ ಶಾಕ್ ಚಿಕಿತ್ಸೆ ಕೊಡುವ ಹಾಗಿಲ್ಲ. ಫೋನ್‌ನಲ್ಲಿ ಡ್ಯೂಟಿ ಡಾಕ್ಟರ್‌ಗೆ ಈ ಸೆಕ್ಷನ್ ಅನ್ನು ಸೌಜನ್ಯದಿಂದ ನೆನಪಿಸಬಹುದು.

ಮನೆಯವರಿಗೆ ಪೊಲೀಸ್ ಕೇಸಿನ ಹೆದರಿಕೆ ಇರುತ್ತದೆ. ಆ ಹೆದರಿಕೆಯಿಂದ ಆಸ್ಪತ್ರೆಯಲ್ಲಿ ನಿಜ ಮುಚ್ಚಿಡುತ್ತಾರೆ, ಚಿಕಿತ್ಸೆ ತಪ್ಪುತ್ತದೆ. ಅವರಿಗೆ ಹೇಳಿ: 115ನೇ ಸೆಕ್ಷನ್ ಪ್ರಕಾರ ಜೀವ ತೆಗೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾಣಬೇಕು, ಶಿಕ್ಷಿಸುವ ಹಾಗಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಮೆಡಿಕೊ ಲೀಗಲ್ ಕೇಸ್ ಅಂತ ದಾಖಲಿಸಬಹುದು. ಅದು ದಾಖಲೆ, ಶಿಕ್ಷೆ ಅಲ್ಲ.

ಮರುದಿನ ಬೆಳಿಗ್ಗೆ ಸಹಾಯಕರು ಮತ್ತೆ ಫೋನ್ ಮಾಡಿ ಆಸ್ಪತ್ರೆಗೆ ಹೋದರಾ, ಏನು ಹೇಳಿದರು ಅಂತ ಕೇಳಿ ಬರೆಯಬೇಕು. 24 ಗಂಟೆ ನಡೆಯುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ ನಂಬರ್ 14416 ಅನ್ನು ರೋಗಿಗೂ ಅಣ್ಣನಿಗೂ ಮೆಸೇಜ್ ಮಾಡಬೇಕು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಕ್ಲಿನಿಕ್ ಎತ್ತುವುದಿಲ್ಲ, ಅದು ಎತ್ತುತ್ತದೆ.

ಏನು ಬರೆಯಬಹುದು, ಏನು ಬರೆಯಬಾರದು

ಈಗ ಮಂಜುನಾಥ ಕೇಳಿದ ಆಲ್ಪ್ರಜೋಲಾಮ್‌ಗೆ ಬರೋಣ. ಟೆಲಿಮೆಡಿಸಿನ್ ಮಾರ್ಗಸೂಚಿ ಔಷಧಿಗಳನ್ನು ಪಟ್ಟಿಗಳಾಗಿ ವಿಂಗಡಿಸಿದೆ. ಒ ಪಟ್ಟಿಯಲ್ಲಿ ಜ್ವರದ ಮಾತ್ರೆಯಂಥ ಸಾಮಾನ್ಯ ಔಷಧಿಗಳಿವೆ, ಅದರ ಗೋಜು ನಮಗೆ ಬೇಡ. ಎ ಪಟ್ಟಿಯ ಔಷಧಿಗಳನ್ನು ಮೊದಲ ಭೇಟಿಯಲ್ಲೇ ಬರೆಯಬಹುದು, ಆದರೆ ವಿಡಿಯೊದಲ್ಲಿ ನೋಡಿದ್ದರೆ ಮಾತ್ರ. ಬರೀ ಫೋನ್ ಮಾತು ಅಥವಾ ಚಾಟ್ ಸಾಲದು. ಬಿ ಪಟ್ಟಿಯ ಔಷಧಿಗಳನ್ನು ಫಾಲೋಅಪ್‌ನಲ್ಲಿ ಮಾತ್ರ, ಅದೇ ಕಾಯಿಲೆಗೆ ಮುಂಚೆ ಮುಖಾಮುಖಿಯಾಗಿ ಬರೆದ ಔಷಧಿಗೆ ಜೊತೆಯಾಗಿ ಸೇರಿಸಬಹುದು. ಕೊನೆಯದು ನಿಷೇಧಿತ ಪಟ್ಟಿ. ಮಾರಾಟಕ್ಕೆ ಬಿಗಿ ನಿಯಮ ಇರುವ ಶೆಡ್ಯೂಲ್ ಎಕ್ಸ್ ಔಷಧಿಗಳು, 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬರುವ ಮಾದಕ ಮತ್ತು ಮನೋಪರಿಣಾಮಿ ಔಷಧಿಗಳು ಇದರಲ್ಲಿವೆ.

ನಿದ್ದೆ, ಆತಂಕಕ್ಕೆ ಜನ ಕೇಳುವ ಬಹಳಷ್ಟು ಮಾತ್ರೆಗಳು ಈ ಕೊನೆಯ ಗುಂಪಿಗೇ ಸೇರುತ್ತವೆ. ಆಲ್ಪ್ರಜೋಲಾಮ್ ಕೂಡ 2020ರ ಮೂಲ ನಿಯಮದ ಪ್ರಕಾರ ಅಲ್ಲಿಗೇ ಬರುತ್ತದೆ. ಅದೇ ವರ್ಷ ಕ್ಲೋನಜೆಪಾಮ್, ಕ್ಲೋಬಜಾಮ್, ಫಿನೋಬಾರ್ಬಿಟೋನ್‌ಗಳನ್ನು ಎ ಪಟ್ಟಿಗೆ ಸೇರಿಸಿ ವಿನಾಯಿತಿ ಕೊಟ್ಟರು. ಹೀಗೆ ಪಟ್ಟಿ ಬದಲಾಗುತ್ತಿರುವುದರಿಂದ ಕ್ಲಿನಿಕ್‌ನಲ್ಲಿ ಚಾಲ್ತಿಯಲ್ಲಿರುವ ಆದೇಶದ ಪ್ರತಿ ಮೇಜಿನ ಮೇಲಿರಬೇಕು. ಯಾರೋ ವಾಟ್ಸಾಪ್ ಗುಂಪಿನಲ್ಲಿ "ಈಗ ಇದನ್ನೂ ಬರೆಯಬಹುದಂತೆ" ಅಂದರು ಅಂತ ಬರೆಯಬಾರದು. ಆದೇಶ ಕೈಯಲ್ಲಿದ್ದರೆ ಬರೆಯಿರಿ, ಇಲ್ಲದಿದ್ದರೆ ಬರೆಯಬೇಡಿ.

ಬರೆಯಬಹುದಾದದ್ದನ್ನೆಲ್ಲ ಬರೆಯಬೇಕು ಅಂತಲೂ ಅಲ್ಲ. ಕ್ಲೋನಜೆಪಾಮ್‌ಗೆ ಅವಕಾಶ ಇದೆ. ಆದರೂ ಮೊದಲ ಕರೆಯಲ್ಲಿ ಕುಡಿತ ಎಷ್ಟು, ಬೇರೆ ನಿದ್ದೆ ಮಾತ್ರೆ ತಗೋತಾರಾ, ಬೇರೆ ಡಾಕ್ಟರ ಹತ್ತಿರವೂ ಇದೇ ಚೀಟಿ ಪಡೀತಿದ್ದಾರಾ ಅಂತ ತಿಳಿಯದೆ ಬರೆಯುವುದು ಅಪಾಯ. ಕುಡಿತದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಮಂಜುನಾಥನ ಮೊದಲ ಕರೆ ತುರ್ತು ಕರೆಯಾಯಿತು. ಹಾಗಾಗಿ ಅವತ್ತು ಯಾವ ಚೀಟಿಯೂ ಇಲ್ಲ. ಪುಣೆಯ ಆಸ್ಪತ್ರೆಯಲ್ಲಿ ನೋಡಿ, ಕೆಲವು ದಿನ ಇಟ್ಟುಕೊಂಡು, ಖಿನ್ನತೆಯ ಮಾತ್ರೆ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಮ್ ಶುರು ಮಾಡಿ ಕಳಿಸಿದರು ಅಂತಿಟ್ಟುಕೊಳ್ಳಿ. ಈಗ ಅವನು ಊರಿಗೆ ಬಂದು, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ವಿಡಿಯೊ ಕಾಲ್ ಮಾಡಿದ್ದಾನೆ. ಇದು ಫಾಲೋಅಪ್ ಆಗುತ್ತದಾ? ಮಾರ್ಗಸೂಚಿಯ ಲೆಕ್ಕದಲ್ಲಿ ಫಾಲೋಅಪ್ ಅಂದರೆ ಅದೇ ವೈದ್ಯರನ್ನು, ಅದೇ ಕಾಯಿಲೆಗೆ, ಹಿಂದಿನ ಮುಖಾಮುಖಿ ಭೇಟಿಯಾದ ಆರು ತಿಂಗಳ ಒಳಗೆ ನೋಡುವುದು. ನಮ್ಮ ವೈದ್ಯರು ಅವನನ್ನು ಎದುರಿಗೆ ನೋಡಿಯೇ ಇಲ್ಲ. ಹಾಗಾಗಿ ಬಿ ಪಟ್ಟಿಯ ದಾರಿ ಇನ್ನೂ ತೆರೆದಿಲ್ಲ. ಎ ಪಟ್ಟಿಯಲ್ಲಿರುವ ಎಸ್ಸಿಟಲೋಪ್ರಾಮ್ ಅನ್ನು ವಿಡಿಯೊದಲ್ಲಿ ನೋಡಿ ಮುಂದುವರಿಸಬಹುದು. ಅದಕ್ಕೂ ಮುಂಚೆ ಡಿಸ್ಚಾರ್ಜ್ ಸಮ್ಮರಿ ತರಿಸಿಕೊಂಡು ಓದಬೇಕು.

ಎಷ್ಟು ಮಾತ್ರೆ ಬರೆಯಬೇಕು ಅನ್ನುವುದು ಯಾವ ಮಾತ್ರೆ ಅನ್ನುವಷ್ಟೇ ಮುಖ್ಯ. ಇಂಥ ಹುಡುಗನ ಕೈಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗಬಾರದು. ಏಳು ದಿನದ್ದು ಬರೆಯಿರಿ, ಏಳನೇ ದಿನ ಮತ್ತೆ ನೋಡಿ. ಡಬ್ಬಿ ಅಣ್ಣನ ಹತ್ತಿರ ಇರಲಿ, ದಿನಕ್ಕೆ ಒಂದು ಅವನೇ ಕೊಡಲಿ. 25ರ ಒಳಗಿನವರಲ್ಲಿ ಖಿನ್ನತೆಯ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ. ಒಂದೇ ಕಡೆ ಕೂರಲಾಗದೆ ಓಡಾಡುವುದು, ಇದ್ದಕ್ಕಿದ್ದ ಹಾಗೆ ಸಿಟ್ಟು, ನಿದ್ದೆಯೇ ಇಲ್ಲದಿರುವುದು ಕಂಡರೆ ಏಳನೇ ದಿನದವರೆಗೆ ಕಾಯದೆ ಫೋನ್ ಮಾಡಿ ಅಂತ ಅಣ್ಣನಿಗೆ ಬಿಡಿಸಿ ಹೇಳಬೇಕು. ಮಿತಿಮೀರಿ ನುಂಗಿದರೆ ಹೃದಯಕ್ಕೇ ತೊಂದರೆ ಮಾಡುವ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳನ್ನು ಈ ರೋಗಿಗೆ ದೂರದಿಂದ ಶುರು ಮಾಡದಿರುವುದೇ ಕ್ಷೇಮ.

ರಕ್ತ ಪರೀಕ್ಷೆ ಬೇಕಾದ ಔಷಧಿಗಳಲ್ಲಿ ಇನ್ನೊಂದು ಎಚ್ಚರ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಚೀಟಿಯನ್ನು ಸುಮ್ನೆ ಮುಂದುವರಿಸಬಾರದು. ಕೊನೆಯ ಲಿಥಿಯಂ ಮಟ್ಟ, ಕಿಡ್ನಿ, ಥೈರಾಯ್ಡ್ ವರದಿ ನೋಡಿದ ಮೇಲೆಯೇ ಮುಂದಿನ ಚೀಟಿ. ಆ ರಕ್ತವನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ಕೊಡಬೇಕು. ರಾತ್ರಿ ಮಾತ್ರೆ ತಗೊಂಡು, ಬೆಳಗಿನ ಮಾತ್ರೆಗೆ ಮುಂಚೆ ಲ್ಯಾಬಿಗೆ ಹೋಗಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕೈ ಜೋರಾಗಿ ನಡುಗುವುದು, ಭೇದಿ, ವಾಂತಿ, ತೂರಾಡುವುದು ವಿಡಿಯೊದಲ್ಲಿ ಕಂಡರೆ ಆ ದಿನವೇ ಆಸ್ಪತ್ರೆ.

ಚೀಟಿಯನ್ನು ಸಹಿ ಮಾಡಿ, ಫೋಟೊ ಅಥವಾ ಪಿಡಿಎಫ್ ಆಗಿ ರೋಗಿಗೇ ಕಳಿಸಬೇಕು. ನೇರ ಮೆಡಿಕಲ್ ಶಾಪಿಗೆ ಕಳಿಸುವುದಾದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು, ಅಂಗಡಿ ಯಾವುದು ಎನ್ನುವುದು ರೋಗಿಯ ಆಯ್ಕೆ. ಔಷಧಿಯ ಮೂಲ ಹೆಸರನ್ನು ಇಂಗ್ಲಿಷ್‌ನ ದೊಡ್ಡ ಅಕ್ಷರದಲ್ಲಿ ಬರೆಯಿರಿ, ದಿನಗಳ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. 7ರ ಪಕ್ಕ ಒಂದು ಸೊನ್ನೆ ಸೇರಿಸುವುದು ಯಾರಿಗೂ ಕಷ್ಟವಲ್ಲ.

ಯಾವ ಕರೆಯನ್ನು ಒಪ್ಪಬಾರದು

ಮಾತು ತಡವರಿಸುತ್ತಿದೆ, ದಿನ, ಜಾಗ ಗೊತ್ತಿಲ್ಲ, ಜ್ವರ ಇದೆ, ಇದ್ದಕ್ಕಿದ್ದಂತೆ ಗೊಂದಲ ಶುರುವಾಗಿದೆ ಅಂದರೆ ಅದು ಮೆದುಳಿನ ಅಥವಾ ದೇಹದ ಕಾಯಿಲೆ ಇರಬಹುದು. ಕುಡಿತ ನಿಲ್ಲಿಸಿದ ಎರಡು ಮೂರು ದಿನದಲ್ಲಿ ನಡುಕ, ಬೆವರು, ಇಲ್ಲದ್ದು ಕಾಣುವುದು ಬಂದರೆ ಅದೂ ಆಸ್ಪತ್ರೆಯ ಕೆಲಸ. ಬಾಣಂತಿಗೆ ನಿದ್ದೆ ಇಲ್ಲದೆ ಮಾತು ಅಸಂಬದ್ಧವಾದರೆ ತಾಯಿ, ಮಗು ಇಬ್ಬರಿಗೂ ಅಪಾಯ, ಅವತ್ತೇ ಎದುರಿಗೆ ನೋಡಬೇಕು. ಇವರಿಗೆ ವಿಡಿಯೊ ಅಪಾಯಿಂಟ್‌ಮೆಂಟ್ ಕೊಟ್ಟು ಕಾಯಿಸುವುದೇ ಹಾನಿ. ಇದನ್ನು ಗುರುತಿಸಬೇಕಾದವರು ಫೋನ್ ಎತ್ತುವ ಸಹಾಯಕರು. ಅವರ ಮೇಜಿನ ಮೇಲೆ ಈ ಲಕ್ಷಣಗಳನ್ನು ಬರೆದು ಅಂಟಿಸಿರಬೇಕು.

ವಿದೇಶದಲ್ಲಿರುವ ಕನ್ನಡಿಗರಿಂದಲೂ ಕರೆ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳಿಕೊಂಡರೆ ಹಗುರಾಗುತ್ತದೆ ಅನ್ನುವ ಅವರ ಆಸೆ ಸಹಜವಾದದ್ದೇ. ಆದರೆ ಭಾರತದ ಮಾರ್ಗಸೂಚಿ ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ. ಅಲ್ಲಿ ಕೂತವರಿಗೆ ಇಲ್ಲಿಂದ ಚೀಟಿ ಬರೆಯಬೇಡಿ. ಅವರು ಇರುವ ದೇಶದಲ್ಲಿ ಪರವಾನಗಿ ಇರುವ ವೈದ್ಯರನ್ನೇ ನೋಡಲು ಹೇಳಿ. ಅಮೆರಿಕದಲ್ಲಿರುವವರು ತುರ್ತಿದ್ದರೆ ಅಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಬಹುದು.

ಪ್ರತಿ ಕರೆ ಮುಗಿದ ಹತ್ತು ನಿಮಿಷದೊಳಗೆ ಫೈಲ್ ಬರೆಯಿರಿ: ಶುರುವಾದ ಮತ್ತು ಮುಗಿದ ಸಮಯ, ವಿಡಿಯೊನಾ ಫೋನಾ, ಗುರುತು ಹೇಗೆ ನೋಡಿದಿರಿ, ರೋಗಿ ಎಲ್ಲಿದ್ದರು, ಜೊತೆಗೆ ಯಾರಿದ್ದರು, ಸಾವಿನ ಯೋಚನೆಯ ಪ್ರಶ್ನೆಗೆ ಉತ್ತರ, ಬರೆದ ಔಷಧಿ, ಮುಂದಿನ ದಿನಾಂಕ. ಸಾವಿನ ಯೋಚನೆ "ಇಲ್ಲ" ಅಂದರೂ ಕೇಳಿದೆ ಅಂತ ಬರೆಯಬೇಕು. ಮೂರು ತಿಂಗಳಿಗೊಮ್ಮೆ ಸಹಾಯಕರು ತುರ್ತು ಪಟ್ಟಿಯ ಪ್ರತಿ ನಂಬರಿಗೂ ಫೋನ್ ಮಾಡಿ ನೋಡಲಿ. ರಿಂಗ್ ಆಗದ ನಂಬರನ್ನು ಅಳಿಸಿ, ಅದೇ ದಿನ ಹೊಸದನ್ನು ಹುಡುಕಿ ಬರೆಯಲಿ.